ಅದಲು ಬದಲಾದ ಸೋಮವಾರ

ನಾನು ಮುಂಗೋಪಿ. ಈಗ ವಯಸ್ಸಾಗಿ ಸ್ವಲ್ಪ ಇಳಿದಿದೆ ಅಂತ ಮನೆಯವರು ಹೇಳುತ್ತಾರೆ, ನನಗೇನೂ ಹಾಗನ್ನಿಸುವುದಿಲ್ಲ. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡುತ್ತಿದ್ದಾಗಲಂತೂ ಮೂಗಿನ ತುದಿಯಲ್ಲೇ ಕೋಪ ಇರುತ್ತಿತ್ತು. ಆ ಕೋಪದಿಂದ ಆದ ಒಂದು ಎಡವಟ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸೋಮವಾರ ಸಂಜೆ ನನ್ನ ತಂಗಿ ವಿಜಯನಗರದಿಂದ ಬಂದಳು. ಮುಂದಿನ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮಗಳಿಗೆ ಕಿವಿ ಚುಚ್ಚಿಸುತ್ತಾರಂತೆ. ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಅವಳಿಗೆ ಇರುವ ಅಣ್ಣ ನಾನೊಬ್ಬನೇ. ನಾಮಕರಣದ ದಿನ ಡ್ಯೂಟಿ ಬಿಟ್ಟು ಹೋಗಲು ನನಗೆ ಆಗಿರಲಿಲ್ಲ. ಆಗ ಅವಳ ಅತ್ತೆಯ ಮನೆಯವರು ಎಲ್ಲರೆದುರಿಗೆ ‘ಈ ಮಗುವಿಗೆ ಮಾವ ಅನ್ನೋನು ಇದಾನೋ ಇಲ್ವೋ’ ಎಂದು ಆಡಿಕೊಂಡಿದ್ದರು. ಅದನ್ನು ಅವಳು ಮರೆತಿರಲಿಲ್ಲ.

“ಈ ಸಲಾನೂ ನೀನು ಬರ್ದೇ ಇದ್ರೆ ಅವರ ಕಡೆಯವರ್ನೇ ಕೂರಿಸ್ತಾರೆ ಕಣೋ ಅಣ್ಣ. ಆಮೇಲೆ ನಾನು ನಿನ್ನ ಯಾವುದಕ್ಕೂ ಕರಿಯಲ್ಲ” ಎಂದಳು. ಕಾಫಿ ಕೂಡ ಕುಡಿಯದೆ ಹೋದಳು.

ಆ ವಾರ ನನಗೆ ಫಸ್ಟ್ ಶಿಫ್ಟು, ಬೆಳಿಗ್ಗೆ ಆರರಿಂದ ಎರಡರವರೆಗೆ. ರಜ ಹಾಕೋಣವೆಂದರೆ ನನ್ನ ಸಿ.ಎಲ್. ಎಲ್ಲ ಮುಗಿದಿತ್ತು. ಅದೂ ಅಲ್ಲದೆ ಭಾನುವಾರಕ್ಕೆ ಅಂಟಿಕೊಂಡ ಸೋಮವಾರ ರಜ ಕೇಳಿದರೆ ಮ್ಯಾನೇಜರು ಅರ್ಜಿ ಓದುತ್ತಲೇ ಇರಲಿಲ್ಲ. ಉಳಿದದ್ದು ಒಂದೇ ದಾರಿ, ಶಿಫ್ಟು ಬದಲಾಯಿಸಿಕೊಳ್ಳುವುದು. ನನ್ನ ಮೆಷಿನ್ನಿನ ಮೇಲೆಯೇ ಸೆಕೆಂಡ್ ಶಿಫ್ಟಿನಲ್ಲಿ ನಿಲ್ಲುವವನೊಬ್ಬನಿದ್ದ, ನನಗಿಂತ ಐದಾರು ವರ್ಷ ಚಿಕ್ಕವನು, ಮಾತು ಕಡಿಮೆ. ಬುಧವಾರ ಮಧ್ಯಾಹ್ನ ಅವನು ಒಳಗೆ ಬರುತ್ತಿದ್ದಂತೆ ಕೇಳಿದೆ.

“ಸೋಮವಾರ ಒಂದಿನ ಶಿಫ್ಟು ಅದಲು ಬದಲು ಮಾಡ್ಕೊಳೋಣ್ವೇನಯ್ಯಾ?”

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. “ಆಗ್ಲಿ ಅಣ್ಣ” ಅಂದ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ನನಗೆ ಖುಷಿಯೋ ಖುಷಿ. ಅಲ್ಲಿಯೇ ಅರ್ಜಿ ಬರೆದು, ಇಬ್ಬರೂ ಸೈನ್ ಹಾಕಿ, ಮ್ಯಾನೇಜರ ಕ್ಯಾಬಿನ್ನಿಗೆ ಹೋದೆವು.

ಮ್ಯಾನೇಜರು ಕನ್ನಡಕ ಏರಿಸಿಕೊಂಡು ಓದಿದರು. ‘ಮನೆಯಲ್ಲಿ ಶುಭಕಾರ್ಯವಿರುವ ಪ್ರಯುಕ್ತ ಸೋಮವಾರ ನಮ್ಮಿಬ್ಬರ ಪಾಳಿ ಅದಲು ಬದಲು ಮಾಡಿಕೊಡಬೇಕು’ ಎಂದಷ್ಟೇ ಬರೆದಿದ್ದೆ.

“ಏನ್ ಕಾರ್ಯ? ಎಷ್ಟೊತ್ತಿಗೆ?” ಎಂದರು.

“ಮನೇದು ಸಾರ್” ಎಂದೆ. ಕಿವಿ ಚುಚ್ಚುವುದಕ್ಕೂ ಇವರ ಅಪ್ಪಣೆ ಬೇಕೇನು ಎಂದು ಒಳಗೊಳಗೇ ಉರಿಯುತ್ತಿತ್ತು.

“ನೀವೇ ಕೇಳ್ತಾ ಇರೋದು, ನೀವೇ ಸೈನ್ ಹಾಕಿರೋದು. ಆಮೇಲೆ ಬಂದು ಬೇಡ ಅಂದ್ರೆ, ಇವರು ಒಪ್ಪದೇ ನಾನು ಏನೂ ಮಾಡಕ್ಕಾಗಲ್ಲ” ಎಂದು ಸೈನ್ ಹಾಕಿದರು.

ಶನಿವಾರ ಮಧ್ಯಾಹ್ನ ಶಿಫ್ಟು ಬಿಡುವ ಹೊತ್ತಿಗೆ ಮುಂದಿನ ವಾರದ ಡ್ಯೂಟಿ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಸೋಮವಾರದ ಸೆಕೆಂಡ್ ಶಿಫ್ಟಿನಲ್ಲಿದ್ದ ನನ್ನ ಹೆಸರಿಗೆ ಕೆಂಪು ಇಂಕಿನಲ್ಲಿ ಗೀಟು ಹೊಡೆದು ಫಸ್ಟ್ ಶಿಫ್ಟಿಗೆ ಬರೆದಿದ್ದರು. ನಮ್ಮಲ್ಲಿ ಪ್ರತಿ ಸೋಮವಾರ ಪಾಳಿ ಬದಲಾಗುತ್ತದೆ. ಆ ಸೋಮವಾರ ನಾನು ಹೇಗೂ ಸೆಕೆಂಡ್ ಶಿಫ್ಟಿಗೆ ಹೋಗುವವನಿದ್ದೆ, ಬೆಳಗಿನ ಹೊತ್ತು ಪೂರ್ತಿ ನನ್ನದೇ ಆಗಿತ್ತು. ಅರ್ಜಿ ಕೊಟ್ಟು, ಕೈಕಟ್ಟಿ ನಿಂತು, ಅದನ್ನು ನಾನೇ ಕಳೆದುಕೊಂಡಿದ್ದೆ. ಒಂಬತ್ತು ವರ್ಷ ಪಾಳಿಯಲ್ಲಿ ದುಡಿದವನು ಮಾಡಿದ ಘನಕಾರ್ಯ ಇದು.

ಅಷ್ಟರಲ್ಲಿ ಆ ಸೆಕೆಂಡ್ ಶಿಫ್ಟಿನವನು ಡ್ಯೂಟಿಗೆ ಬಂದ. ತೋಳು ಹಿಡಿದು ಬೋರ್ಡಿನ ಮುಂದೆ ನಿಲ್ಲಿಸಿದೆ. “ನಿಂಗೆ ಅವತ್ತೇ ಗೊತ್ತಿತ್ತು ತಾನೆ?”

“ಗೊತ್ತಿತ್ತು ಅಣ್ಣ.”

“ಯಾಕೋ ಬಾಯಿ ಬಿಡ್ಲಿಲ್ಲ?”

ಅವನು ತಲೆ ತಗ್ಗಿಸಿದ. “ಸೋಮವಾರ ಬೆಳಿಗ್ಗೆ ಮಗಳನ್ನ ಸ್ಕೂಲಿಗೆ ಸೇರಿಸ್ಬೇಕು. ತಂದೆಯೋ ತಾಯಿಯೋ ಬಂದು ಸೈನ್ ಹಾಕ್ಬೇಕಂತೆ, ಅದೊಂದೇ ದಿನ. ನನ್ನ ಹೆಂಡ್ತಿಗೆ ಸೈನ್ ಹಾಕಕ್ಕೆ ಬರಲ್ಲ. ಮಂಗಳವಾರ ನಿಮ್ಮನ್ನೇ ಕೇಳಕ್ಕೆ ಬಂದಿದ್ದೆ. ‘ಸೋಮವಾರ’ ಅನ್ನೋ ಮೊದ್ಲೇ ‘ತಲೆ ತಿನ್ಬೇಡ ಹೋಗಯ್ಯಾ’ ಅಂದ್ರಿ. ಮಾರನೇ ದಿನ ನೀವೇ ಬಂದು ಕೇಳಿದ್ರಿ.”

ಅಂದಿದ್ದೆ. ತಂಗಿಯ ಮಾತು ತಲೆಯಲ್ಲಿ ಕೊರೆಯುತ್ತಿದ್ದಾಗ ಯಾರೋ ಏನೋ ಕೇಳಲು ಬಂದದ್ದು, ರೇಗಿ ಕಳಿಸಿದ್ದು ನೆನಪಾಯಿತು. ಆದರೂ ಕೋಪ ಇಳಿಯಲಿಲ್ಲ. ಅವನನ್ನು ಎಳೆದುಕೊಂಡೇ ಕ್ಯಾಬಿನ್ನಿಗೆ ಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿದೆ, ಕಿವಿ ಚುಚ್ಚುವುದನ್ನೂ.

“ಇದನ್ನ ಬುಧವಾರ ಹೇಳಿದ್ರೆ ಅವತ್ತೇ ತಪ್ಪು ಹಿಡೀತಿದ್ದೆ” ಎಂದು ಮ್ಯಾನೇಜರು ಅವನ ಕಡೆ ತಿರುಗಿದರು. “ನೀವು ಒಪ್ಪಿದ್ರೆ ಈಗ್ಲೇ ಕ್ಯಾನ್ಸಲ್ ಮಾಡ್ತೀನಿ. ಏನಂತೀರಿ?”

ಅವನು “ಒಪ್ತೀನಿ ಸಾರ್” ಎಂದು ಸೈನ್ ಹಾಕಲು ಜೇಬಿನಿಂದ ಪೆನ್ನು ತೆಗೆದ. ಆ ಮಗು ಒಂದು ವರ್ಷ ಮನೆಯಲ್ಲೇ ಕೂರುತ್ತದೆ ಎಂದು ನನಗೆ ಆಗ ಹೊಳೆಯಿತು.

“ಬೇಡ ಸಾರ್, ಇರೋ ಹಾಗೇ ಇರ್ಲಿ” ಎಂದೆ.

ಮ್ಯಾನೇಜರು ಇಬ್ಬರನ್ನೂ ನೋಡಿದರು. ಅರ್ಜಿಯನ್ನು ಫೈಲಿನಿಂದ ತೆಗೆದು, ಕೆಳಗೆ ಒಂದು ಸಾಲು ಬರೆದರು. “ಸ್ಕೂಲಿನ ಕೆಲಸ ಮುಗಿದ ತಕ್ಷಣ ನೀವು ಬಂದು ಇವರನ್ನ ಬಿಡಿಸಿ. ಎರಡರವರೆಗೆ ಉಳಿದ ಗಂಟೆ ನಿಮ್ಮ ಲೆಕ್ಕ. ಮೆಷಿನ್ ಮಾತ್ರ ನಿಲ್ಲಬಾರ್ದು.”

ಭಾನುವಾರ ವಿಜಯನಗರಕ್ಕೆ ಹೋಗಿ ತಂಗಿಗೆ ನಡೆದದ್ದನ್ನು ಹೇಳಿದೆ. ಮುಹೂರ್ತ ಮುಂದೂಡಲು ಅವಳ ಅತ್ತೆ ಒಪ್ಪಲಿಲ್ಲ. ತಮ್ಮ ಕಡೆಯ ಹುಡುಗನೊಬ್ಬ ಕೂರುತ್ತಾನೆ ಎಂದರು. ತಂಗಿ ಎದ್ದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೋಮವಾರ ಮೆಷಿನ್ ಮುಂದೆ ನಿಂತವನಿಗೆ ಗೋಡೆ ಗಡಿಯಾರ ಬಿಟ್ಟು ಬೇರೇನೂ ಕಾಣಲಿಲ್ಲ. ಹತ್ತೂವರೆ ಆಯಿತು. ಮುಗಿಯಿತು ಅಂದುಕೊಂಡೆ. ಹನ್ನೊಂದಾಗುವಷ್ಟರಲ್ಲಿ ಅವನು ಓಡುತ್ತಾ ಬಂದ, ಮೈಯೆಲ್ಲಾ ಬೆವರು. ಸ್ಕೂಲಿಂದ ಮಗಳನ್ನು ಮನೆಗೂ ಬಿಡದೆ, ಹೆಂಡತಿಯ ಜೊತೆ ಬಸ್ಸು ಹತ್ತಿಸಿ ಬಂದಿದ್ದನಂತೆ. “ಸೀಟು ಸಿಕ್ತು ಅಣ್ಣ, ಹೊರಡಿ ಹೊರಡಿ” ಎಂದು ನನ್ನನ್ನು ಮೆಷಿನ್ನಿನಿಂದ ತಳ್ಳಿಯೇ ಬಿಟ್ಟ. ಯೂನಿಫಾರಂ ಕೂಡ ಬದಲಾಯಿಸದೆ ಸೈಕಲ್ ಹತ್ತಿದೆ.

ವಿಜಯನಗರ ಮುಟ್ಟಿದಾಗ ಹನ್ನೊಂದೂವರೆ ದಾಟಿತ್ತು. ವರಾಂಡದಲ್ಲಿ ನೆಂಟರು ಎಲೆಯ ಮುಂದೆ ಕೂತಿದ್ದರು. ಎಲ್ಲರೂ ನನ್ನ ಬಟ್ಟೆಯನ್ನೇ ನೋಡಿದರು. ಮಗು ತಂಗಿಯ ಸೊಂಟದ ಮೇಲೆ ಬಿಕ್ಕುತ್ತಿತ್ತು. ಬಲಗಿವಿ ಕೆಂಪಾಗಿ, ಅದರಲ್ಲಿ ಚಿನ್ನದ ತಂತಿ. ಎಡಗಿವಿ ಬರಿದು. ಕಿವಿ ಚುಚ್ಚಲು ಬಂದಿದ್ದ ಆಚಾರಿ ಕೋಣೆಯ ಮೂಲೆಯಲ್ಲಿ ತನ್ನ ಡಬ್ಬಿ ಮುಚ್ಚದೆ ಕಾಯುತ್ತಾ ಕೂತಿದ್ದ.

ಅತ್ತೆ ಹಿಂದಿನಿಂದ, “ಒಂದ್ ಗಂಟೆಯಿಂದ ಹೇಳ್ತಾ ಇದೀವಿ, ನಿಮ್ಮ ತಂಗಿ ಆ ಕಿವಿ ಮುಟ್ಟಕ್ಕೇ ಬಿಡ್ತಾ ಇಲ್ಲ” ಎಂದರು.

ತಂಗಿ ನನ್ನ ಗ್ರೀಸು ಹತ್ತಿದ ಕೈ ನೋಡಿದಳು. “ಮುಹೂರ್ತಕ್ಕೆ ಒಂದು ಸಾಕು ಅಂದೆ. ಇನ್ನೊಂದು ನಿಂಗೆ ಇಟ್ಟಿದೀನಿ. ಕೈ ತೊಳ್ಕೊಂಡು ಬಾ” ಎಂದಳು.

ಹಿತ್ತಲಿನ ನಲ್ಲಿಯ ಹತ್ತಿರ ಹೋದೆ. ಸೋಪು ಹಾಕಿ ಉಜ್ಜಿದೆ, ಮತ್ತೆ ಉಜ್ಜಿದೆ. ಕೈ ಸ್ವಚ್ಛವಾದ ಮೇಲೂ, ನನ್ನ ಅಳು ನಿಲ್ಲುವವರೆಗೆ, ನಲ್ಲಿ ಬಿಟ್ಟುಕೊಂಡು ತೊಳೆಯುತ್ತಲೇ ಇದ್ದೆ.