ತುಣುಕಿನ ಕೊನೆಯ ವೇಗ

ಮೂಡಬಿದಿರೆಯ ಶಿಕ್ಷಕಿಯರ ತರಬೇತಿ ಶಾಲೆಯಲ್ಲಿ ಸಂಗೀತ ರಸಗ್ರಹಣದ ಪರೀಕ್ಷೆಗೆ ಗ್ರಾಮಫೋನ್ ತಟ್ಟೆಯ ತುಣುಕುಗಳನ್ನು ಕೇಳಿಸಿ ಪ್ರಶ್ನೆ ಕೇಳುತ್ತಿದ್ದೆವು. ಗ್ರಾಮಫೋನಿಗೆ ಕೀಲಿ ಕೊಡುವ ಗೌರವವನ್ನು ಮುಖ್ಯೋಪಾಧ್ಯಾಯರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ವರ್ಷ ಅವರು ಅರ್ಧ ಕೀಲಿ ಕೊಟ್ಟು, ಶಿಸ್ತಿನ ಬಗ್ಗೆ ಭಾಷಣ ಮಾಡಿ, ತಟ್ಟೆ ಹಾಕಿದರು. ‘ತುಣುಕಿನ ಕೊನೆಗೆ ವೇಗ ಏನಾಗುತ್ತದೆ?’ ಎಂಬುದು ಪ್ರಶ್ನೆ. ಕೊನೆ ಬರುವಷ್ಟರಲ್ಲಿ ಕೀಲಿ ಇಳಿದು, ತಟ್ಟೆ ನಿಧಾನವಾಗಿ, ಗಾಯಕರು ನರಳತೊಡಗಿದ್ದರು.

ಉತ್ತರಸೂಚಿಯಲ್ಲಿ ‘ಹೆಚ್ಚುತ್ತದೆ’ ಎಂದಿತ್ತು. ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದರಿಂದ ಎಲ್ಲರೂ ಹಾಗೆಯೇ ಬರೆದರು. ಒಬ್ಬಳು ಮಾತ್ರ ‘ಕಡಿಮೆಯಾಗುತ್ತದೆ, ಶ್ರುತಿಯೂ ಇಳಿಯುತ್ತದೆ’ ಎಂದು ಬರೆದಳು. ಆ ಅಂಕ ಸಿಗದಿದ್ದರೆ ಅವಳು ನಪಾಸು.

ಮೌಲ್ಯಮಾಪನ ನನ್ನದು. “ಸರ್, ಅವಳು ಕೇಳಿದ್ದನ್ನೇ ಬರೆದಿದ್ದಾಳೆ” ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದೆ.

“ಕೇಳಿ ಬರೆಯುವುದಾದರೆ ನಾವು ಪಾಠ ಮಾಡುವುದು ಎಂತಕ್ಕೆ ಮಾರಾಯ್ರೆ?”

“ಆಗಲಿ. ಇನ್‌ಸ್ಪೆಕ್ಟರು ವಿಚಾರಿಸಿದರೆ ಕೀಲಿ ಕೊಟ್ಟದ್ದು ಯಾರೆಂದು ಹೇಳುವ, ಸರ್?”

ಅವರು ಪೆನ್ನು ತೆಗೆದು ಉತ್ತರಸೂಚಿಯನ್ನು ತಿದ್ದಿದರು: ‘ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ. ಎರಡಕ್ಕೂ ಪೂರ್ಣ ಅಂಕ.’

ಹುಡುಗಿ ಪಾಸಾದಳು. ಅವಳ ಜೊತೆಗೆ, ಏನನ್ನೂ ಕೇಳಿಸಿಕೊಳ್ಳದ ಇಡೀ ತರಗತಿಯೂ ಸಂಗೀತ ಕೇಳುವುದರಲ್ಲಿ ತೇರ್ಗಡೆಯಾಯಿತು.