ಡಬ್ಬಿಯ ಮೇಲಿನ ಆರನೇ ಹೆಸರು

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಚೆಂಬೂರಿನ ಒಂದು ಕಾಲೊನಿಯಲ್ಲಿ, ಮೊದಲ ಮಾಳಿಗೆಯ ಎರಡು ಕೋಣೆಗಳಲ್ಲಿ ಇದ್ದೆವು. ನಾನು, ನನ್ನ ಗಂಡ, ಅತ್ತೆ. ನಾನು ಆಫೀಸೊಂದರಲ್ಲಿ ಟೈಪಿಸ್ಟ್. ಬಿ.ಎ. ಮಾಡಿದವಳು ಎಂಬ ಜಂಬ ನನಗಿತ್ತು, ಇಲ್ಲವೆಂದು ಈಗ ಸುಳ್ಳು ಹೇಳಿ ಏನಾಗಬೇಕು. ಅತ್ತೆ ಉಡುಪಿಯ ಹಳೆಯ ಮಡಿ ಹೆಂಗಸು. ಅಕ್ಷರ ಬಾರದು. ನೀರುಳ್ಳಿ, ಬೆಳ್ಳುಳ್ಳಿ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ನೀರುಳ್ಳಿ ಭಜಿ ತಿಂದ ದಿನ ನಾನು ಬಾಯಿ ತೊಳೆದು, ಏಲಕ್ಕಿ ಅಗಿದೇ ಮೆಟ್ಟಿಲು ಹತ್ತುತ್ತಿದ್ದೆ. ಆದರೂ ಅತ್ತೆಗೆ ಗೊತ್ತಾಗುತ್ತಿತ್ತು.

ಆ ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ ಒಂದು ಬೀದಿನಾಯಿಯ ಮರಿ ಬಂದು ಸೇರಿಕೊಂಡಿತು. ಮೇಲೆ ತಂದವಳು ನಾನು, ಸಾಕಿದವರು ಅತ್ತೆ. "ಒಳಗೆ ಬರ್ಲಿಕ್ಕಿಲ್ಲ" ಎಂದು ಅದಕ್ಕೆ ಕಟ್ಟುನಿಟ್ಟಾಗಿ ಹೇಳಿ, ಹೊಸ್ತಿಲ ಆಚೆ ಗೋಣಿ ಹಾಸಿದರು. ಅವರು ಹೊಸ್ತಿಲ ಈಚೆ ಕೂತು ಬತ್ತಿ ಹೊಸೆಯುವುದು, ಅದು ಆಚೆ ಮಲಗಿ ಅವರ ಕೈ ನೋಡುವುದು. ಈ ಊರಿನಲ್ಲಿ ಮಾತಾಡಲು ಇನ್ನೊಂದು ಜೀವ ಅವರಿಗೆ ಇರಲಿಲ್ಲ. ಹಿಂದಿ ಬಾರದು, ಮರಾಠಿ ಬಾರದು, ನಾನೋ ಲೋಕಲ್ ರೈಲಿನಲ್ಲಿ ಜಜ್ಜಿಹೋಗಿ ಬಂದವಳು ಮಾತಿಗೆ ಸಿಗುತ್ತಿರಲಿಲ್ಲ.

ಊಟ ನಮ್ಮದೇ, ಮೊಸರನ್ನ. ಎರಡು ತಿಂಗಳಾದರೂ ಮರಿಗೆ ಹೊಟ್ಟೆ ಮಾತ್ರ ದೊಡ್ಡದಾಯಿತು. ಕಾಲು ಕಡ್ಡಿ, ಬೆನ್ನಿನ ಕೂದಲು ಉದುರುತ್ತಿತ್ತು. ಒಂದು ಶನಿವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಪರೇಲಿಗೆ, ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಧಾರವಾಡದ ಕಡೆಯವರು. ನನ್ನ ಮಾತು ಕೇಳಿ ಕನ್ನಡಕ್ಕೆ ಬಂದರು.

"ಬರೇ ಮೊಸರನ್ನ ಹಾಕಿದ್ರ ಹೊಟ್ಟಿ ತುಂಬತದ, ಮೈ ತುಂಬೂದಿಲ್ಲ. ಬೆಳಿಯೋ ಮರಿರೀ ಇದು, ಪ್ರೋಟೀನ್ ಬೇಕು. ಮೊಟ್ಟಿ ಕುದಿಸಿ ಹಾಕ್ರಿ, ಕೋಳಿ ಹಾಕ್ರಿ."

"ಮನೆಯಲ್ಲಿ ಅದೆಲ್ಲ ಬೇಯಿಸಲು ಆಗುವುದಿಲ್ಲ ಡಾಕ್ಟ್ರೇ."

"ಹಂಗಾರ ಡಬ್ಬಿ ಏನರ ಸಿಕ್ರ ನೋಡ್ರಿ. ಪ್ರೋಟೀನ್ ಎಷ್ಟದ, ಒಳಗ ಏನೇನು ಹಾಕ್ಯಾರ, ಪೂರ್ತಿ ಓದಿ ತಗೋರಿ. ಚಾಕೊಲೇಟ್ ಕೊಡಬ್ಯಾಡ್ರಿ. ಉಳ್ಳಾಗಡ್ಡಿಯಂತೂ ಬ್ಯಾಡ, ನಾಯಿಗೆ ಅದು ವಿಷ."

ನಾನು ನಕ್ಕೆ. "ನಮ್ಮ ಮನೆಯಲ್ಲಿ ನೀರುಳ್ಳಿಯೇ ಇಲ್ಲ" ಎಂದೆ, ಏನೋ ದೊಡ್ಡ ಸಾಧನೆಯ ಹಾಗೆ. ಆ ಎಚ್ಚರಿಕೆ ನಮ್ಮಂಥವರಿಗಲ್ಲ ಎಂದು ಅಲ್ಲಿಯೇ ಬಿಟ್ಟು ಬಂದೆ.

ನಮ್ಮ ಸಾಲಿನ ಕೊನೆಯ ಕೋಣೆಯಲ್ಲಿ ಮಂಗಳೂರಿನ ಕಡೆಯವರೊಬ್ಬರಿದ್ದರು, ಹಡಗಿನಲ್ಲಿ ಕೆಲಸ. ರಜೆಗೆ ಬಂದಿದ್ದವರು ಸುದ್ದಿ ಕೇಳಿ ಎರಡು ಡಬ್ಬಿ ತಂದುಕೊಟ್ಟರು. ಒಂದು ನಾಯಿಯ ಚಿತ್ರವಿದ್ದ, ಹಸಿ ಆಹಾರದ ಸಣ್ಣ ಡಬ್ಬಿ. ಇನ್ನೊಂದು ಮನುಷ್ಯರ ಕೋಳಿ ಸೂಪಿನ ಪುಡಿ, ದೊಡ್ಡ ಡಬ್ಬಿ. "ಯಾವುದು ಬೇಕೋ ಇಟ್ಕೊಳ್ಳಿ. ಹಿಡಿಸಿದ್ರೆ ಅದೇ ಇನ್ನೂ ನಾಲ್ಕು ಕೊಡ್ತೇನೆ" ಎಂದರು.

ನಾನು ಕಿಟಕಿಯ ಬೆಳಕಿಗೆ ಹಿಡಿದು ಎರಡನ್ನೂ ಓದಿದೆ. ನಾಯಿಯ ಡಬ್ಬಿಯಲ್ಲಿ ಪ್ರೋಟೀನ್ ನೂರಕ್ಕೆ ಎಂಟು. ಸೂಪಿನ ಪುಡಿಯಲ್ಲಿ ಹದಿನೈದು. ಎಂಟು ದೊಡ್ಡದೋ ಹದಿನೈದು ದೊಡ್ಡದೋ? ಅದೂ ಅಲ್ಲದೆ ನಾಯಿಯ ಡಬ್ಬಿಯ ಮೇಲೆ ಬರೀ 'ಮಾಂಸ' ಎಂದಿತ್ತು, ಯಾವುದರದ್ದು ಎಂದಿರಲಿಲ್ಲ. ದನದ್ದಾಗಿದ್ದರೆ? ಅತ್ತೆಗೆ ಗೊತ್ತಾದರೆ ಮನೆಯೇ ಬಿಟ್ಟಾರು. ಸೂಪಿನ ಡಬ್ಬಿಯ ಸಾಮಾನುಗಳ ಪಟ್ಟಿಯನ್ನು ಬೆರಳಿಟ್ಟು ಓದಿದೆ, ದನ ಎಲ್ಲಾದರೂ ಇದೆಯೇ ಎಂದು ಹುಡುಕುತ್ತ. ಹಿಟ್ಟು, ಉಪ್ಪು, ಕೋಳಿ, ಎಣ್ಣೆ, ಹಾಲಿನ ಪುಡಿ, ಈರುಳ್ಳಿ ಪುಡಿ. ದನ ಇರಲಿಲ್ಲ. ಕೋಳಿಯಾದರೆ, ಅಡುಗೆಮನೆಗೆ ತಾರದೆ ಹೊರಗೇ ಹಾಕುವುದಾದರೆ ಆಗಬಹುದು ಎಂದು ಅತ್ತೆ ಮೊದಲೇ ಒಪ್ಪಿದ್ದರು. ನಿಟ್ಟುಸಿರು ಬಿಟ್ಟು, ನಾಯಿಯ ಡಬ್ಬಿಯನ್ನು ಹಿಂದಿರುಗಿಸಿದೆ.

ಈರುಳ್ಳಿ ಎಂಬುದನ್ನು ನಾನು ಓದಲಿಲ್ಲವೆಂದಲ್ಲ. ಓದಿದೆ. ಓದಿ, ಇದು ಅತ್ತೆಗೆ ಗೊತ್ತಾಗಬಾರದು ಎಂದುಕೊಂಡೆ. ನಾಯಿಗೆ ಅದು ವಿಷ ಎಂದದ್ದು ನೆನಪಾಗಲೇ ಇಲ್ಲ.

ಬಿಸಿನೀರಿನಲ್ಲಿ ಕಲಸಿ, ಅನ್ನಕ್ಕೆ ಬೆರೆಸಿ, ದಿನಕ್ಕೆರಡು ಹೊತ್ತು ಹೊರಗಿನ ತಟ್ಟೆಯಲ್ಲಿ ಇಟ್ಟೆ. ಮರಿ ತಟ್ಟೆಯನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳುತ್ತಿತ್ತು. ಎರಡು ಚಮಚ ಹಾಕುತ್ತಿದ್ದವಳು ಖುಷಿಯಿಂದ ನಾಲ್ಕು ಹಾಕತೊಡಗಿದೆ. ಎರಡನೆಯ ದಿನವೇ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಆ ಡಬ್ಬಿಯಿಂದ ನೀರುಳ್ಳಿ ವಾಸನೆ ಬರ್ತದೆ. ಪಾಪದ ಪ್ರಾಣಿಗೆ ಎಂತಕ್ಕೆ ಅದನ್ನು ಹಾಕುದು?"

"ನಾನು ಓದಿ ನೋಡಿಯೇ ತಂದದ್ದು ಅತ್ತೆ. ನಿಮಗೆ ಎಲ್ಲದರಲ್ಲಿಯೂ ನೀರುಳ್ಳಿಯೇ."

"ನಂಗೆ ಓದ್ಲಿಕ್ಕೆ ಬರುದಿಲ್ಲ. ಮೂಗು ಉಂಟಲ್ಲ" ಎಂದು ಮತ್ತೆ ಬತ್ತಿ ಹೊಸೆಯತೊಡಗಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ.

ಎರಡು ವಾರ ಕಳೆಯಿತು. ಯಾವುದೋ ಹಬ್ಬಕ್ಕೆ ಅತ್ತೆ ಹೆಸರುಬೇಳೆ ಪಾಯಸ ಮಾಡಿ, ಮರಿಗೂ ಒಂದು ಸೌಟು ಹಾಕಿದರು. ಮರುದಿನ ಅದು ಏಳಲಿಲ್ಲ. ತಟ್ಟೆಯತ್ತ ತಲೆ ಎತ್ತಲಿಲ್ಲ. ಕೂತಲ್ಲಿಯೇ ಓಡಿ ಬಂದ ಹಾಗೆ ಏದುಸಿರು. ಗೋಣಿಯ ಮೇಲೆ ಹೊಯ್ದ ಉಚ್ಚೆ ಕಡು ಚಹಾದ ಬಣ್ಣಕ್ಕಿತ್ತು. ಆಫೀಸಿಗೆ ಚಕ್ಕರ್ ಹೊಡೆದು ಮತ್ತೆ ಪರೇಲಿಗೆ ಓಡಿದೆ. ಏನು ತಿನ್ನಿಸಿದಿರಿ ಎಂದು ಡಾಕ್ಟರು ಕೇಳಿಯಾರು ಎಂದು ಖಾಲಿಯಾಗುತ್ತ ಬಂದ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ.

ಡಾಕ್ಟರು ಮರಿಯ ತುಟಿ ಎತ್ತಿ ತೋರಿಸಿದರು. ಒಸಡು ಕಾಗದದ ಹಾಗೆ ಬಿಳಿ. ಡಬ್ಬಿ ಕೈಗೆ ತೆಗೆದುಕೊಂಡು ಓದಿ, ಆರನೇ ಹೆಸರಿನ ಮೇಲೆ ಬೆರಳಿಟ್ಟರು.

"ಉಳ್ಳಾಗಡ್ಡಿ ಪುಡಿ ಅದ ಇದರಾಗ. ಒಣಗಿಸಿದ್ದು ಅಂದ್ರ ಇನ್ನೂ ಗಟ್ಟಿ. ರಕ್ತದ ಕೆಂಪು ಕಣ ಒಡದುಹೋಗ್ಯಾವ, ಅದಕ್ಕ ಉಚ್ಚಿ ಹಂಗ ಬಂದದ್ದು."

"ಇದರಲ್ಲಿ ಪ್ರೋಟೀನ್ ಜಾಸ್ತಿ ಇತ್ತು ಡಾಕ್ಟ್ರೇ. ಇನ್ನೊಂದರಲ್ಲಿ ಎಂಟೇ ಇದ್ದದ್ದು."

"ಅದು ಹಸಿ ಡಬ್ಬಿ ಏನು? ಅದರಾಗ ಮುಕ್ಕಾಲಿಗಿಂತ ಹೆಚ್ಚು ನೀರಽ ಇರತದರೀ. ನೀರು ತಗದು ಲೆಕ್ಕ ಹಾಕಿದ್ರ ಆ ಎಂಟು, ಮೂವತ್ತು ದಾಟತದ. ಇದು ಒಣಾ ಪುಡಿ. ಹದಿನೈದು ಅಂದ್ರ ಹದಿನೈದಽ."

"ಪಾಯಸ ತಿಂದಿತ್ತು ನಿನ್ನೆ. ಅದರಿಂದ ಏನಾದರೂ...?" ನಾಚಿಕೆಗೆಟ್ಟು ಕೇಳಿದೆ.

"ಪಾಯಸದಿಂದ ಹಿಂಗ ಆಗೂದಿಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಔಷಧ ಕೊಟ್ಟರು, ಆದರೆ ಬಹಳ ತಡವಾಗಿದೆ ಎಂದೂ ಹೇಳಿದರು.

ಮಾರನೆಯ ದಿನ ಸಂಜೆ ಮರಿ ಸತ್ತಿತು. ಹೊಸ್ತಿಲ ಆಚೆ, ಗೋಣಿಯ ಮೇಲೆ. ಮಡಿ ಮಡಿ ಎನ್ನುತ್ತಿದ್ದ ಅತ್ತೆ ಹೊಸ್ತಿಲು ದಾಟಿ ಹೋಗಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಗಂಡ ಅದನ್ನು ಗೋಣಿಯಲ್ಲಿಯೇ ಸುತ್ತಿ ಕಟ್ಟಡದ ಹಿಂದೆ ಹೂಳಿ ಬಂದರು.

ಅತ್ತೆ ಸ್ನಾನ ಮಾಡಿ ಬಂದು ನನ್ನೆದುರು ಕೂತರು. ಡಬ್ಬಿ ಕಿಟಕಿಯಲ್ಲಿಯೇ ಇತ್ತು.

"ಅದರಲ್ಲಿ ಎಂತೆಂತ ಉಂಟು ಅಂತ ಬರ್ದಿರ್ತಾರಲ್ಲ, ಒಮ್ಮೆ ಓದು ನೋಡುವ."

ನಾನು ಓದಿದೆ. ಹಿಟ್ಟು, ಉಪ್ಪು, ಕೋಳಿ, ಎಣ್ಣೆ, ಹಾಲಿನ ಪುಡಿ. ಅಲ್ಲಿಗೆ ನಿಲ್ಲಿಸಿದೆ.

"ಅಷ್ಟೆಯಾ?"

"ಅಷ್ಟೆ."

ಅವರು ತಲೆಯಾಡಿಸಿದರು. ಅಷ್ಟು ಹೊತ್ತು ನೆಟ್ಟಗೆ ಕೂತಿದ್ದವರು ಗೋಡೆಗೆ ಒರಗಿದರು.

"ಹಾಗಾದ್ರೆ ನನ್ನ ಪಾಯಸವೇ" ಎಂದರು.

ನಾನು ಅಲ್ಲ ಎನ್ನದೆ ಡಬ್ಬಿಯನ್ನು ಮತ್ತೆ ಕಿಟಕಿಯಲ್ಲಿಟ್ಟೆ. ಆಮೇಲೆ ಹನ್ನೊಂದು ವರ್ಷ ಅವರು ನಮ್ಮ ಜೊತೆಗಿದ್ದರು. ಹಬ್ಬಗಳು ಬಂದವು, ಹೋದವು. ಅವರು ಪಾಯಸ ಮಾಡಲಿಲ್ಲ.