ಪಕ್ಕದ ಸೀಟು

ಬೀಳ್ಕೊಡುಗೆಯ ದಿನ ಬಸ್ ಡಿಪೋದವರು ನಮ್ಮೆಜಮಾನರ ಕೈಗೆ ಮೈಕು ಕೊಟ್ಟದ್ದೇ ಎಲ್ಲಕ್ಕೂ ಕಾರಣ. ಮನೆಯಲ್ಲಿ ಹತ್ತು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯ ಅವರು. ಅಂದು ಕೊರಳಿಗೆ ಬಿದ್ದ ಹಾರದ ಮಹಿಮೆಯೋ, ತಿಂದ ಮೈಸೂರುಪಾಕಿನ ಮಹಿಮೆಯೋ, ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟರು: "ನಮ್ಮನೆಯವ್ರನ್ನ ಕನ್ಯಾಕುಮಾರಿಗೆ ಕರ್ಕೊಂಡೋಯ್ತೀನಿ. ಇಬ್ರೇ ಹೋಯ್ತೀವಿ."

ಮೆಕ್ಯಾನಿಕ್ಕುಗಳು ಶಿಳ್ಳೆ ಹೊಡೆದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಒಳಗೆ ಮಾತ್ರ ಕುಣಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ!

ನಾವಿಬ್ಬರೂ ಅದುವರೆಗೆ ಕರ್ನಾಟಕ ದಾಟಿದವರೇ ಅಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಬಸ್ಸು ಓಡಿಸಿದರೂ ಅವರ ಪ್ರಪಂಚ ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣದ ಒಳಗೇ ಸುತ್ತುತ್ತಿತ್ತು. ಎಷ್ಟು ಓಡಿಸಿದರೇನು, ಡ್ಯೂಟಿ ಮುಗಿಸಿ ಕೈಲಾಂಚದ ಮನೆಗೇ ಬಂದು ಕಾಲು ತೊಳೆಯಬೇಕು. ನನ್ನದು ಇನ್ನೂ ಚಿಕ್ಕ ಪ್ರಪಂಚ. ಕಬ್ಬಾಳಮ್ಮನ ಗುಡಿ, ತವರಾದ ಕಲ್ಯ, ಎರಡು ಸಲ ಧರ್ಮಸ್ಥಳ. ಕೊಟ್ಟಿಗೆಯಲ್ಲಿ ಹಸು, ಮನೆಯೊಳಗೆ ರೇಷ್ಮೆ ಹುಳ. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ತಿನ್ನುವ ವೇಗಕ್ಕೆ ಸೊಪ್ಪು ಹಾಕುವ ಹೆಂಗಸು ಪಕ್ಕದೂರಿನ ಮದುವೆಗೂ ಹೋಗಲಾರಳು.

ಅವರಿಗೆ ಕನ್ಯಾಕುಮಾರಿಯ ಆಸೆ. ನನಗೆ ಬೇರೆಯದೇ ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ. ಅವರ ಬಸ್ಸಿಗೆ ನಾನು ಹತ್ತಿದಾಗಲೆಲ್ಲ ಮುಂದಿನ ಲೇಡೀಸ್ ಸೀಟಿನಲ್ಲಿ ಕೂತು ಅವರ ಬೆನ್ನು ನೋಡುತ್ತಿದ್ದೆ. ಆ ಕುತ್ತಿಗೆಯ ಕೂದಲು ಕಪ್ಪಿನಿಂದ ಬೆಳ್ಳಗಾದದ್ದನ್ನು ಖಾಕಿ ಕಾಲರಿನ ಮೇಲೆಯೇ ನೋಡಿದವಳು ನಾನು. ಎದುರಿಗೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡು. ಕಟ್ಟಿಕೊಂಡ ಹೆಂಡತಿಗೂ ಅದೇ ಕಾನೂನು! ಒಂದೇ ಒಂದು ಸಲ ಈ ಮನುಷ್ಯ ಬಸ್ಸಿನಲ್ಲಿ ನನ್ನ ಪಕ್ಕ ಕೂರಬೇಕು, ಕಡಲೆಕಾಯಿ ತಿನ್ನುತ್ತಾ ಊರು ನೋಡುತ್ತಾ ಹೋಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಕನ್ಯಾಕುಮಾರಿ ಆದರೂ ಸರಿ, ಕಾಡುಮೇಡಾದರೂ ಸರಿ.

ಮಾರನೇ ವಾರವೇ ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಟೂರಿನ ಅಂಗಡಿಗೆ ಹೋದೆವು. ಎರಡು ಬಸ್ಸು ಇಟ್ಟುಕೊಂಡಿದ್ದ ಅದರ ಮಾಲೀಕ ನಮ್ಮೆಜಮಾನರಿಗೆ ಪರಿಚಯದವನೇ.

"ಏಳು ದಿನ ಅಣ್ಣ. ಮಧುರೆ, ರಾಮೇಶ್ವರ, ಕನ್ಯಾಕುಮಾರಿ, ಬರ್ತಾ ಪಳನಿ," ಎಂದ.

"ಸೀಟು ಹೆಂಗಪ್ಪಾ?" ಎಂದೆ ನಾನು. ಅದೇ ನನ್ನ ಮೊದಲ ಪ್ರಶ್ನೆ, ಅದೇ ಕೊನೆಯದು.

"ಈ ಕಡೆ ಎರಡು, ಆ ಕಡೆ ಎರಡು. ಪುಷ್‌ಬ್ಯಾಕು. ಬನ್ನಿ ತೋರಿಸ್ತೀನಿ."

ಹೊರಗೆ ನಿಂತಿದ್ದ ಬಸ್ಸಿಗೆ ಹತ್ತಿಸಿ ಕೂರಿಸಿ ಪಕ್ಕದ ಗುಂಡಿ ಒತ್ತಿದ. ಸೀಟು ಹಿಂದಕ್ಕೆ ಬಿತ್ತು ನೋಡಿ, "ಅಯ್ಯಯ್ಯೋ ಕಬ್ಬಾಳಮ್ಮಾ!" ಎಂದು ಕಿರುಚಿದೆ. ನಮ್ಮೆಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಾನೇ ನಾಲ್ಕು ಸಲ ಒತ್ತಿ ಒತ್ತಿ ಬಿದ್ದೆ.

ಆದರೆ ಒಂದು ತೊಡಕಿತ್ತು. "ಬಸ್ ತುಂಬುದ್ರೆ ಮಾತ್ರ ಹೊಂಡೋದು ಅಕ್ಕ," ಎಂದ ಮಾಲೀಕ. "ಆಚೆ ರಾಜ್ಯಕ್ಕೆ ಪರ್ಮಿಟ್ ಮಾಡಿಸ್ಬೇಕು, ಗಡೀಲಿ ಟ್ಯಾಕ್ಸ್ ಕಟ್ಬೇಕು, ದೂರದ ದಾರಿ ಅಂತ ಇಬ್ರು ಡ್ರೈವರ್ ಹಾಕ್ಬೇಕು. ನಿಮ್ಮಿಬ್ರನ್ನೇ ಕರ್ಕೊಂಡೋದ್ರೆ ನಾನು ಅಲ್ಲೇ ಕಡ್ಲೆ ಮಾರ್ಕೊಂಡು ಇರ್ಬೇಕಾಯ್ತದೆ." ನಾವು ಹೇಳಿದ ವಾರಕ್ಕೆ ಬೇರೆ ಯಾರೂ ಹೆಸರು ಕೊಟ್ಟಿರಲಿಲ್ಲ. ಆ ವಾರ ಬಿಟ್ಟರೆ ನನಗೂ ಆಗುತ್ತಿರಲಿಲ್ಲ. ಗೂಡು ಮಾರ್ಕೆಟ್ಟಿಗೆ ಹೋಗಿ, ಮುಂದಿನ ಮರಿಹುಳ ಮನೆಗೆ ಬರುವ ನಡುವಿನ ಬಿಡುವು ಅದೊಂದೇ.

ಮುಖ ಸಪ್ಪೆ ಮಾಡಿಕೊಂಡು ಬಂದೆ. ಒಂದು ವೇಳೆ ಬಸ್ಸು ಹೊರಟರೆ ಹಸು ನೋಡಿಕೊಳ್ಳಲು ಜನ ಬೇಕಲ್ಲ, ಇರಲಿ ಎಂದು ಪಕ್ಕದ ಮನೆಯಾಕೆಯನ್ನು ಕೇಳಿದೆ.

"ಯಾವಾಗ ಅಕ್ಕ?" ಎಂದಳು. ಹೇಳಿದೆ. ಅವಳ ಕಣ್ಣು ಅರಳಿತು. "ಅಯ್ ಅವತ್ತು ನಮ್ಗೂ ಬಿಡುವೇ ಕಣಕ್ಕ! ನಾವೂ ಬತ್ತೀವಿ!"

ಆಗ ಹೊಳೆಯಿತು ನನಗೆ. ನಮ್ಮ ಬೀದಿಯವರೆಲ್ಲ ಒಂದೇ ಚಾಕಿ ಸೆಂಟರಿನಿಂದ, ಒಂದೇ ದಿನ, ಒಂದೇ ಟೆಂಪೋದಲ್ಲಿ ಮರಿಹುಳ ತರುವವರು. ನಮಗೆ ಬಿಡುವು ಅಂದರೆ ಬೀದಿಗೇ ಬಿಡುವು. ಸಂಜೆಯೊಳಗೆ ನಮ್ಮ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರೂ ರಜ ಹಾಕುತ್ತೇವೆಂದು ಕುಣಿದರು. 'ಇಬ್ರೇ ಹೋಯ್ತೀವಿ' ಎಂದವರು ಈಗ ಬಸ್ಸು ತುಂಬಾ ಆದೆವು. ಬೇಸರವಾಯಿತಾ ಎಂದರೆ, ಇಲ್ಲಪ್ಪ. ಬಸ್ಸು ಹೊರಡುತ್ತದಲ್ಲ! ಸೀಟು ಎರಡೆರಡೇ ತಾನೆ, ಬೀದಿಯೇನು ಬಂದು ನಮ್ಮ ನಡುವೆ ಕೂರುತ್ತದೆಯೇ? ಹಸು ಕರೆಯಲು ಕಲ್ಯದಿಂದ ನನ್ನ ತಮ್ಮ ಬರುವುದಾಯಿತು.

ಅಲ್ಲಿಂದ ಹತ್ತು ದಿನ ನಮ್ಮ ಜಗುಲಿಯಲ್ಲಿ ದಿನಾ ಮೀಟಿಂಗು. ತಮಿಳುನಾಡಿನಲ್ಲಿ ಮುದ್ದೆ ಸಿಗುತ್ತದೋ ಇಲ್ಲವೋ ಎಂಬುದರ ಮೇಲೆಯೇ ಒಂದಿಡೀ ಸಂಜೆ ಹೋಯಿತು. ಸಿಗುವುದಿಲ್ಲ ಎಂದು ಟೂರಿನವನು ಹೇಳಿದ ಮೇಲೆ ಗ್ಯಾಸ್ ಒಲೆ, ರಾಗಿ ಹಿಟ್ಟಿನ ಮೂಟೆ, ಮುದ್ದೆ ಕೋಲು, ಹುರುಳಿಕಾಳು ಎಲ್ಲ ಬಸ್ಸಿನ ಮೇಲಕ್ಕೆ ಎಂದು ತೀರ್ಮಾನವಾಯಿತು. "ಒಳಕಲ್ಲೂ ಹಾಕ್ಕೊಳಿ, ಬಸ್ಸಿಗೆ ಒಸಿ ಭಾರ ಸಾಲ್ದು," ಎಂದೆ ನಾನು. ತಮಾಷೆಗೆ ಅಂದದ್ದು. ಪಕ್ಕದ ಮನೆಯಾಕೆ ಮಾತ್ರ ನಿಜಕ್ಕೂ ಯೋಚನೆಗೆ ಬಿದ್ದಳು!

ಹೊರಡಲು ನಾಲ್ಕು ದಿನವಿದ್ದಾಗ ನಮ್ಮ ಭಾವ ಒಂದು ಬಾಂಬು ಹಾಕಿದರು. ಭಾವ ಅಂದರೆ ನಮ್ಮೆಜಮಾನರ ಅಣ್ಣ. ಮೀಟಿಂಗಿಗೆ ತಮ್ಮಷ್ಟಕ್ಕೆ ತಾವೇ ಅಧ್ಯಕ್ಷರಾಗಿದ್ದರು.

"ಅಲ್ರಪ್ಪಾ, ಇಬ್ರು ಡ್ರೈವರ್ ಯಾಕ್ಬೇಕು? ಮನೇಲೇ ಡ್ರೈವರ್ ಮಡಿಕ್ಕೊಂಡು ಇನ್ನೊಬ್ಬನ್ಗೆ ಸಂಬ್ಳ, ಬಾಟಾ ಕೊಟ್ಟು ಕರ್ಕೊಂಡೋಗೋದಾ?" ಎಂದು ತಮ್ಮನ ಕಡೆ ತಿರುಗಿದರು. "ಏನ್ಲಾ, ಹೆವಿ ಲೈಸೆನ್ಸು ಇನ್ನೂ ಐತಲ್ಲ ನಿಂದು?"

"ಐತೆ ಕಣಣ್ಣ," ಎಂದರು ನಮ್ಮೆಜಮಾನರು.

"ಅಂಗಾರೆ ನೀನೇ ಹೊಡ್ಯಪ್ಪ. ನೀನು ಕೂತ್ರೆ ನಮ್ಗೂ ಧೈರ್ಯ. ಟೂರಿನವ್ನೂ ಬ್ಯಾಡ ಅನ್ನಕಿಲ್ಲ."

ಜಗುಲಿಗೆ ಜಗುಲಿಯೇ "ಹೌದೌದು" ಎಂದಿತು. ನಾನು ನಮ್ಮೆಜಮಾನರ ಮುಖ ನೋಡಿದೆ. ಬೇಡ ಎನ್ನುತ್ತಾರೆ ಎಂದು ಕಾದೆ. ಆ ಮುಖ ಬೆಳಗುತ್ತಿತ್ತು ಸ್ವಾಮಿ! ರಿಟೈರಾದಾಗಿನಿಂದ ಸ್ಟೀರಿಂಗು ಮುಟ್ಟದ ಕೈ ಆಗಲೇ ತೊಡೆಯ ಮೇಲೆ ಗೇರು ಹಾಕುತ್ತಿತ್ತು. "ಆಗ್ಲಿ ಬುಡು, ಅದ್ಕೇನಂತೆ," ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಲೋಟದ ತಟ್ಟೆಯನ್ನು ಎಲ್ಲರ ನಡುವೆ ಕುಕ್ಕಿದೆ.

"ನಾನ್ ಬರಕಿಲ್ಲ. ನೀವ್ ನೀವೇ ಹೋಗಿ ಬನ್ನಿ."

"ಯಾಕವ್ವಾ?" ಎಂದರು ಭಾವ, ಕಕ್ಕಾಬಿಕ್ಕಿಯಾಗಿ.

ಬಾಯಿ ಮುಚ್ಚಿಕೊಂಡು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. "ಯಾಕಾ? ಮದ್ವೆ ಆದಾಗ್ನಿಂದ ಇವ್ರ ಬೆನ್ನೇ ನೋಡಿವ್ನಿ ನಾನು! ಕನಕಪುರಕ್ಕೆ ಹೋಗ್ಲಿ, ಮಾಗಡಿಗೆ ಹೋಗ್ಲಿ, ಬೆನ್ನು, ಬೆನ್ನು! ಮಾತಾಡ್ಬ್ಯಾಡಿ ಅಂತ ಬೋರ್ಡ್ ಬೇರೆ! ಒಂದ್ಸಲ ನನ್ ಪಕ್ಕದಲ್ಲಿ ಕೂತ್ಕತಾರೆ ಅಂತ ಬಾಯ್ ಬಾಯ್ ಬುಟ್ಕೊಂಡಿದ್ರೆ, ಕನ್ಯಾಕುಮಾರಿ ಗಂಟ ಅದೇ ಬೆನ್ನು ನೋಡ್ಕೊಂಡ್ ಬಾ ಅಂತೀರಲ್ಲ! ಬೆನ್ನು ನೋಡಕ್ಕೆ ಅಷ್ಟು ದೂರ ಯಾಕ್ ಬರ್ಲಿ ನಾನು?"

ಆಡಿದ್ದೇನೆಂದು ಆಮೇಲೆ ನನಗೇ ಕೇಳಿಸಿ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾರ್ಮೆಂಟ್ಸ್ ಹುಡುಗಿಯೊಬ್ಬಳು ಕಿಸಕ್ಕೆಂದಳು. ಅಷ್ಟೇ, ಇಡೀ ಜಗುಲಿ ಹೋ ಎಂದು ನಕ್ಕಿತು. ಭಾವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಇನ್ನೊಬ್ಬ ಡ್ರೈವರ್ನ ಹಾಕ್ಸ್ರಪ್ಪ, ಈ ತಾಯಿ ಶಾಪ ನನಗ್ ಬ್ಯಾಡ," ಎಂದರು. ನಮ್ಮೆಜಮಾನರು ಮಾತ್ರ ನಗಲಿಲ್ಲ. ತಲೆ ಬಗ್ಗಿಸಿಕೊಂಡು ಎದ್ದು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಕೋಪ ಬಂತೋ, ಅವಮಾನವಾಯಿತೋ ಎಂದು ತಿಳಿಯದೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ರಾಮನಗರಕ್ಕೇ ಹೋಗಿ ಬಂದಿದ್ದರು.

"ಕಿಟಕಿ ಸೀಟು ನಿಂದು. ಪಕ್ಕದ್ದು ನಂದು. ಬರೆಸ್ಬುಟ್ಟು ಬಂದೆ," ಎಂದರು. ಆಮೇಲೆ, "ಮೊದ್ಲೇ ಹೇಳಾದಲ್ವಾ?" ಎಂದರು.

"ಕೇಳುದ್ರಾ ನೀವು?" ಎಂದೆ. ಕೇಳಿರಲಿಲ್ಲ ಎಂದು ಒಪ್ಪಿಕೊಂಡರು.

ಹೊರಡುವ ಬೆಳಿಗ್ಗೆ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು, ಬೀದಿಗೆ ಬೀದಿಯೇ ಗಲಾಟೆ ಮಾಡಿಕೊಂಡು ಹತ್ತಿತು. ನಮ್ಮೆಜಮಾನರು ಆರೂ ಟೈರನ್ನು ಒದ್ದು ನೋಡಿದ ಮೇಲೆಯೇ ಬಂದು ಪಕ್ಕದಲ್ಲಿ ಕೂತರು. ಕೂತರು ಅಂದರೆ, ಮೈ ಕೂತಿತು. ಕಾಲು ಎಲ್ಲಿ ಕೂತಿತು? ಬಿಡದಿಯ ಹತ್ತಿರ ಫ್ಯಾಕ್ಟರಿ ಬಸ್ಸುಗಳು ಅಡ್ಡ ಬಂದಾಗಲೆಲ್ಲ ಇಲ್ಲಿ ಇವರು ನೆಲ ತೂತಾಗುವ ಹಾಗೆ ಬ್ರೇಕು ತುಳಿಯುವುದು! "ಲಾರಿ ಐತೆ ಲಾರಿ, ಬಲಕ್ಕೆ ತಗೋ!" ಎಂದು ಕೂಗುವುದು ಬೇರೆ. ಕೊನೆಗೆ ಡ್ರೈವರ್ ಕನ್ನಡಿಯಲ್ಲೇ ನೋಡುತ್ತಾ, "ಅಣ್ಣ, ನೀವು ರಿಟೈರಾಗಿದೀರಿ," ಎಂದ. ಬಸ್ಸೆಲ್ಲ ನಕ್ಕಿತು. ನಾನು ಕಡಲೆಕಾಯಿ ಬಿಡಿಸಿ ಬಿಡಿಸಿ ಅವರ ಕೈಗೆ ಹಾಕಿದೆ. ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಾ ಸುಮ್ಮನಾದರು. ಬೆಂಗಳೂರು ದಾಟುವ ಹೊತ್ತಿಗೆ ಕೈ ಹಾಗೇ ಸಡಿಲವಾಗಿ, ತಲೆ ಮೆಲ್ಲಗೆ ವಾಲಿ ನನ್ನ ಭುಜದ ಮೇಲೆ ಬಂದು ನಿಂತಿತು.

ಓಡುವ ಬಸ್ಸಿನಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಮೀಸೆಗೆ ಕಡಲೆಕಾಯಿ ಸಿಪ್ಪೆ ಅಂಟಿತ್ತು.

ಅತ್ತಿಬೆಲೆಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಡ್ರೈವರುಗಳು ಕಾಗದ ಹಿಡಿದು ಟ್ಯಾಕ್ಸ್ ಕಟ್ಟಲು ಇಳಿದರು, ಎಲ್ಲರೂ ಗಡಿ ನೋಡಲು ಧಡಧಡ ಇಳಿದರು. ಇಂಜಿನ್ ನಿಂತರೂ ಇವರು ಏಳಲಿಲ್ಲ. ಪಕ್ಕದ ಮನೆಯಾಕೆ ಕೆಳಗಿನಿಂದ ಕಿಟಕಿ ಬಡಿದಳು: "ಅಕ್ಕಾ, ಅಗೋ ತಮಿಳ್ನಾಡು! ಎಬ್ಬಿಸು ಅವ್ರನ್ನ!" ನಾನು ತುಟಿಯ ಮೇಲೆ ಬೆರಳಿಟ್ಟೆ. ಭುಜ ಜೋಮು ಹಿಡಿದಿತ್ತು. ಅಲ್ಲಾಡಿಸಲಿಲ್ಲ.

ಬಸ್ಸು ಮತ್ತೆ ಹೊರಟಿತು. ಎಲ್ಲರೂ ಒಮ್ಮೆಲೇ ಕೇಕೆ ಹಾಕಿದರು, ದಾಟಿದೆವು ಎಂದು. ಗಡಿ ಹೇಗಿತ್ತು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಕಿಟಕಿ ಸೀಟು ನನ್ನದೇ ಆಗಿತ್ತು, ಆದರೆ ನಾನು ಆ ಕಡೆ ನೋಡುತ್ತಿರಲಿಲ್ಲ.